ಎಕ್ಸ್‌ಪೋರ್ಟ್ ಆದ ವಿಡಿಯೋದಲ್ಲಿ ದನಿ ಹಿಂದೆ, ನಡುವೆ ಕಪ್ಪು ಫ್ರೇಮ್, ಫೈಲ್ ಹದಿನೇಳು ಜಿಬಿ: ಒಂದೇ ಪ್ರಾಜೆಕ್ಟಿನ ಮೂರು ದೋಷಗಳನ್ನು ಹುಡುಕಿದ ಬಗೆ

ಪರಿಚಯದ ಶಿಕ್ಷಕಿಯೊಬ್ಬರು ತಮ್ಮ ಉಪನ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ, ಎಕ್ಸ್‌ಪೋರ್ಟ್ ಮಾಡಿದ್ದರು. 45 ನಿಮಿಷದ ವಿಡಿಯೋ. ಅವರು ಫೋನಿನಲ್ಲಿ ಹೇಳಿದ ದೂರು ಮೂರು ಸಾಲಿನದು. "ಕೊನೆಗೆ ಬರುವಷ್ಟರಲ್ಲಿ ನನ್ನ ಬಾಯಿ ಮೊದಲು ಆಡುತ್ತೆ, ಮಾತು ಆಮೇಲೆ ಕೇಳುತ್ತೆ. ಮಧ್ಯೆ ಎರಡು ಕಡೆ ಪರದೆ ಕಪ್ಪಾಗಿ ಮಿನುಗುತ್ತೆ. ಫೈಲ್ ನೋಡಿದರೆ ಹದಿನೇಳು ಜಿಬಿ ಹತ್ತಿರ ಇದೆ, ಯಾರಿಗೂ ಕಳಿಸೋಕೆ ಆಗ್ತಿಲ್ಲ."

ಅವರು ಅಷ್ಟರಲ್ಲಿ ಎಕ್ಸ್‌ಪೋರ್ಟ್ ಸೆಟ್ಟಿಂಗ್‌ಗಳನ್ನು ಬದಲಿಸಿ ಬದಲಿಸಿ ಐದು ಸಲ ಪ್ರಯತ್ನಿಸಿದ್ದರು. ಒಂದೊಂದು ಸಲಕ್ಕೂ ಮುಕ್ಕಾಲು ಗಂಟೆ ಕಾದಿದ್ದರು. ದೋಷ ಎಕ್ಸ್‌ಪೋರ್ಟಿನಲ್ಲಿ ಕಂಡಿತು ಎಂದ ಮಾತ್ರಕ್ಕೆ ಅದು ಎಕ್ಸ್‌ಪೋರ್ಟಿನಲ್ಲೇ ಹುಟ್ಟಿರಬೇಕಿಲ್ಲ. ಇವರ ಪ್ರಾಜೆಕ್ಟಿನಲ್ಲಿ ಮೂರರಲ್ಲಿ ಎರಡು ದೋಷ ಎಕ್ಸ್‌ಪೋರ್ಟ್ ಬಟನ್ ಒತ್ತುವ ಮೊದಲೇ ಒಳಗೆ ಕೂತಿದ್ದವು. ಆದ್ದರಿಂದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು, ದೋಷ ಮೊದಲ ಬಾರಿಗೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪತ್ತೆ ಮಾಡಬೇಕು: ಮೂಲ ಫೈಲಿನಲ್ಲೋ, ಟೈಮ್‌ಲೈನಿನಲ್ಲೋ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲೋ, ಅಥವಾ ಬರೀ ಪ್ಲೇಯರಿನಲ್ಲೋ.

ಮೊದಲು ಪ್ಲೇಯರ್ ಮತ್ತು ಹೆಡ್‌ಫೋನ್

ಇದು ಎರಡು ನಿಮಿಷದ ಕೆಲಸ, ಆದರೆ ಬಿಡಬೇಡಿ. ಬ್ಲೂಟೂತ್ ಹೆಡ್‌ಫೋನಿಗೆ ದನಿ ತಲುಪುವುದೇ ತಡವಾಗಿ. ಕೆಲವು ಪ್ಲೇಯರ್‌ಗಳು ಆ ತಡವನ್ನು ಲೆಕ್ಕಕ್ಕೆ ಹಿಡಿದು ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ವಯರ್ ಇರುವ ಹೆಡ್‌ಫೋನ್ ಹಾಕಿ, ಬೇರೆ ಪ್ಲೇಯರಿನಲ್ಲಿ, ಸಾಧ್ಯವಾದರೆ ಬೇರೆ ಯಂತ್ರದಲ್ಲಿ ಅದೇ ಫೈಲನ್ನು ನೋಡಿ. ದೋಷ ಮಾಯವಾದರೆ ನಿಮ್ಮ ಫೈಲ್ ಚೆನ್ನಾಗಿಯೇ ಇದೆ. ತುಂಬಾ ದೊಡ್ಡ ಬಿಟ್‌ರೇಟಿನ, ಅಂದರೆ ಸೆಕೆಂಡಿಗೆ ತುಂಬಾ ಹೆಚ್ಚು ಮಾಹಿತಿ ತುಂಬಿದ ಫೈಲನ್ನು ಹಳೆಯ ಯಂತ್ರದಲ್ಲಿ ಆಡಿಸಿದಾಗಲೂ ಚಿತ್ರ ತಡವರಿಸಿ ದನಿ ಮುಂದೆ ಹೋದಂತೆ ಅನಿಸುತ್ತದೆ. ಅದೂ ಫೈಲಿನ ತಪ್ಪಲ್ಲ.

ಶಿಕ್ಷಕಿಯವರ ಫೈಲ್ ಮೂರು ಕಡೆಯೂ ಒಂದೇ ತರಹ ತಪ್ಪುತ್ತಿತ್ತು. ಹಾಗಾದರೆ ಫೈಲಿನೊಳಗೇ ಹುಡುಕಬೇಕು.

ದನಿ ಎಷ್ಟು ತಪ್ಪಿದೆ, ಎಲ್ಲಿಂದ ತಪ್ಪಿದೆ

"ಸಿಂಕ್ ಹೋಗಿದೆ" ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಅಳೆಯಬೇಕು. ಅಳೆಯಲು ಚಪ್ಪಾಳೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಾತಿನಲ್ಲೇ ಪ, ಬ, ಮ ಹುಡುಕಿ. ಪವರ್ಗದ ಅಕ್ಷರಗಳನ್ನು ತುಟಿ ಮುಚ್ಚದೆ ಹೇಳಲು ಬರುವುದಿಲ್ಲ. "ಪಾಠ" ಎನ್ನುವಾಗ ತುಟಿ ಮುಚ್ಚಿ ತೆರೆಯುವ ಫ್ರೇಮ್ ಯಾವುದು, ದನಿಯ ಅಲೆಯಲ್ಲಿ ಆ "ಪಾ" ಸಿಡಿಯುವ ಜಾಗ ಯಾವುದು, ಎರಡರ ನಡುವೆ ಎಷ್ಟು ಫ್ರೇಮ್ ಇದೆ ಎಂದು ಎಣಿಸಿ. ಇದನ್ನು ಶುರುವಿನಲ್ಲಿ, ನಡುವೆ, ಕೊನೆಯಲ್ಲಿ, ಕಡಿಮೆ ಎಂದರೂ ನಾಲ್ಕು ಕಡೆ ಮಾಡಿ.

ಎಷ್ಟು ತಪ್ಪಿದರೆ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೂ ಒಂದು ಅಳತೆ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ಪ್ರಸಾರ ಕ್ಷೇತ್ರಕ್ಕೆ ಕೊಟ್ಟ ಶಿಫಾರಸು ಬಿಟಿ.1359 ಪ್ರಕಾರ, ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಉಳಿದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ. ದನಿ ಮುಂದೆ ಬರುವುದನ್ನು ನಾವು ಸಹಿಸುವುದು ಕಡಿಮೆ, ಯಾಕೆಂದರೆ ದೂರದ ಸದ್ದು ಕಣ್ಣಿಗಿಂತ ತಡವಾಗಿ ಕಿವಿಗೆ ಮುಟ್ಟುವುದು ಎಲ್ಲರಿಗೂ ಅಭ್ಯಾಸ. ಕ್ರಿಯೆಗೆ ಮೊದಲೇ ಸದ್ದು ಕೇಳುವುದು ಲೋಕದಲ್ಲಿ ಎಲ್ಲೂ ಇಲ್ಲ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್. ಒಂದು ಫ್ರೇಮಿನ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅಳೆದ ಮೇಲೆ ಸಂಖ್ಯೆಗಿಂತ ಮುಖ್ಯವಾದದ್ದು ಅದರ ಆಕಾರ. ತಪ್ಪು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿದ್ದರೆ, ದನಿಯ ತುಣುಕು ಟೈಮ್‌ಲೈನಿನಲ್ಲಿ ಜರುಗಿದೆ ಎಂದರ್ಥ. ಅಷ್ಟೇ ಫ್ರೇಮ್ ವಾಪಸ್ ಜರುಗಿಸಿದರೆ ಮುಗಿಯಿತು. ತಪ್ಪು ನಿಧಾನವಾಗಿ, ಅಳತೆಗೋಲು ಇಟ್ಟು ಗೆರೆ ಎಳೆದಂತೆ ಬೆಳೆಯುತ್ತಾ ಹೋದರೆ, ವೇಗದ ಲೆಕ್ಕ ಎಲ್ಲೋ ತಪ್ಪಿದೆ. 30 ಫ್ರೇಮಿನದನ್ನು 29.97 ಎಂದು ಓದಿದರೆ ಸಾವಿರಕ್ಕೆ ಒಂದರಂತೆ, ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ಬೇರೆ ರೆಕಾರ್ಡರಿನಲ್ಲಿ ದನಿ ಹಿಡಿದಿದ್ದರೂ ಗೆರೆ ಹೀಗೇ ಏರುತ್ತದೆ, ಆದರೆ ಬಲು ಮೆಲ್ಲಗೆ: ಎರಡು ಯಂತ್ರಗಳ ಗಡಿಯಾರಕ್ಕೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 0.18 ಸೆಕೆಂಡ್.

ಮೂರನೆಯ ಆಕಾರ ಮೆಟ್ಟಿಲಿನದು. ಸ್ವಲ್ಪ ಹೊತ್ತು ಸರಿ, ಒಂದು ಕಡೆ ಥಟ್ಟನೆ ತಪ್ಪುತ್ತದೆ, ಆಮೇಲೆ ಅದೇ ತಪ್ಪು ಹಾಗೇ ನಿಲ್ಲುತ್ತದೆ, ಮುಂದೆ ಇನ್ನೊಂದು ಕಡೆ ಮತ್ತೆ ಹೆಚ್ಚುತ್ತದೆ. ಶಿಕ್ಷಕಿಯವರ ಮೊದಲ ಎಕ್ಸ್‌ಪೋರ್ಟಿನಲ್ಲಿ ನಾನು ಕಂಡದ್ದು ಇದನ್ನೇ. 5ನೇ ನಿಮಿಷದಲ್ಲಿ ತಪ್ಪು ಇಲ್ಲ. 15ನೇ ನಿಮಿಷದಲ್ಲೂ ಇಲ್ಲ. 25ರಲ್ಲಿ ದನಿ 18 ಫ್ರೇಮ್ ಹಿಂದೆ. 44ರಲ್ಲಿ 54 ಫ್ರೇಮ್, ಅಂದರೆ 1.8 ಸೆಕೆಂಡ್ ಹಿಂದೆ. "ಟೈಮ್‌ಲೈನಿನಲ್ಲಿ ಸರಿಯಾಗಿತ್ತಲ್ಲ" ಎಂದರು. ಎಷ್ಟು ಹೊತ್ತು ನೋಡಿದಿರಿ ಎಂದು ಕೇಳಿದೆ. ಮೊದಲ ಐದು ನಿಮಿಷ. ಟೈಮ್‌ಲೈನನ್ನು 44ನೇ ನಿಮಿಷಕ್ಕೆ ಒಯ್ದು ಆಡಿಸಿದರೆ ಅಲ್ಲೂ ಅಷ್ಟೇ ತಪ್ಪಿತ್ತು. ಎಕ್ಸ್‌ಪೋರ್ಟ್ ನಿರಪರಾಧಿ.

ಟೈಮ್‌ಲೈನಿನ ಕೊನೆಗೆ ಹೋದಾಗ ಇನ್ನೊಂದು ಸುಳಿವು ಎದುರಿಗೇ ಇತ್ತು. ಒಂದೇ ಫೈಲಿನಿಂದ ಬಂದ ಚಿತ್ರ ಮತ್ತು ದನಿ ಒಟ್ಟಿಗೆ ಮುಗಿಯಬೇಕು. ಇಲ್ಲಿ ಚಿತ್ರದ ಪಟ್ಟಿ ಮೊದಲೇ ಮುಗಿದು, ದನಿಯ ಪಟ್ಟಿ ಅದಕ್ಕಿಂತ 54 ಫ್ರೇಮ್ ಮುಂದಕ್ಕೆ ಚಾಚಿಕೊಂಡಿತ್ತು.

ಮೂಲ ಫೈಲಿನ ಒಳಗೆ

ಫೋನುಗಳು ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ ಕರಾರುವಾಕ್ಕಾಗಿ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಕುಡಿಸುತ್ತವೆ, ಬಿಸಿಯಾದರೆ ಫ್ರೇಮ್ ಬಿಡುತ್ತವೆ. ಪರದೆ ರೆಕಾರ್ಡ್ ಮಾಡುವ ತಂತ್ರಾಂಶಗಳದ್ದೂ ಇದೇ ಕತೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಫೈಲಿನಲ್ಲಿ ಪ್ರತಿ ಫ್ರೇಮಿನ ಜೊತೆ ಅದನ್ನು ಯಾವಾಗ ತೋರಿಸಬೇಕು ಎಂಬ ಸಮಯದ ಗುರುತು ಇರುತ್ತದೆ. ಪ್ಲೇಯರ್ ಆ ಗುರುತನ್ನು ನೋಡಿ ತೋರಿಸುವುದರಿಂದ ಫೋನಿನಲ್ಲಿ ನೋಡುವಾಗ ಎಲ್ಲವೂ ಸರಿ. ಕೆಲವು ಎಡಿಟಿಂಗ್ ತಂತ್ರಾಂಶಗಳು ಮಾತ್ರ ಗುರುತನ್ನು ಬಿಟ್ಟು ಫ್ರೇಮುಗಳನ್ನು ಎಣಿಸುತ್ತವೆ: ಒಂದು, ಎರಡು, ಮೂರು, ಒಂದೊಂದಕ್ಕೂ ಸಮ ಪಾಲು. ನಡುವೆ ಬಿಟ್ಟುಹೋದ ಫ್ರೇಮಿನ ಜಾಗಕ್ಕೆ ಮುಂದಿನದು ಬಂದು ಕೂರುತ್ತದೆ. ಚಿತ್ರ ಅಷ್ಟು ಮುಂದೆ ಸರಿಯಿತು, ದನಿ ಹಿಂದೆ ಉಳಿಯಿತು.

ಇದನ್ನು ಖಚಿತ ಮಾಡಿಕೊಳ್ಳಲು, ಕಮಾಂಡ್ ಬರೆದು ಓಡಿಸುವ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್ ಸಾಕು.

```
ffprobe -v error -select_streams v:0 -count_packets \
 -show_entries stream=r_frame_rate,avg_frame_rate,duration,nb_read_packets \
 -of default=nw=1 upanyasa.mp4
```

ಬಂದ ಉತ್ತರ ಇದು. ಅವಧಿಯನ್ನು ಲೆಕ್ಕದ ಅನುಕೂಲಕ್ಕೆ ದುಂಡಾಗಿಸಿದ್ದೇನೆ.

```
r_frame_rate=30/1
avg_frame_rate=1499/50
duration=2700.000000
nb_read_packets=80946
```

2700 ಸೆಕೆಂಡ್, ಸೆಕೆಂಡಿಗೆ 30 ಎಂದರೆ 81,000 ಫ್ರೇಮ್ ಇರಬೇಕಿತ್ತು. ಇರುವುದು 80,946. ಕೊರತೆ 54. ಟೈಮ್‌ಲೈನಿನ ಕೊನೆಯಲ್ಲಿ ಚಾಚಿಕೊಂಡಿದ್ದದ್ದೂ 54. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಸಂಖ್ಯೆ ಸಿಕ್ಕಿದಾಗ ಊಹೆ ಮುಗಿಯುತ್ತದೆ, ರೋಗ ಇದೇ ಎಂದು ಹೇಳಬಹುದು.

ಆ ಫ್ರೇಮುಗಳು ಎಲ್ಲಿ ಹೋದವು ಎಂದು ನೋಡಬೇಕಾದರೆ, ಪ್ರತಿ ಫ್ರೇಮ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಎಣಿಸಿ.

```
ffprobe -v error -select_streams v:0 \
 -show_entries packet=duration_time -of csv=p=0 upanyasa.mp4 | sort | uniq -c
```

80,892 ಫ್ರೇಮುಗಳು 0.033333 ಸೆಕೆಂಡ್ ನಿಂತಿದ್ದವು, 54 ಫ್ರೇಮುಗಳು ಅದರ ದುಪ್ಪಟ್ಟು, 0.066667. ನಿಮ್ಮ ಫೈಲಿನಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿರದೆ 0.0331, 0.0336 ಎಂದು ಓಲಾಡಬಹುದು. ಆ ಸಣ್ಣ ಓಲಾಟ ತೊಂದರೆಯಲ್ಲ, ದುಪ್ಪಟ್ಟಾದವುಗಳನ್ನು ನೋಡಿ. ಶಿಕ್ಷಕಿಯವರು ಸ್ಲೈಡ್ ತೋರಿಸಲು ಎರಡು ಸಲ ದೀಪ ಮಂದ ಮಾಡಿದ್ದರು. ಮೊದಲ ಸಲ ಫೋನ್ 18 ಫ್ರೇಮ್ ಬಿಟ್ಟಿತ್ತು, ಎರಡನೇ ಸಲ 36. ಮೆಟ್ಟಿಲುಗಳು ಇದ್ದದ್ದೂ ಅದೇ ಎರಡು ಜಾಗಗಳಲ್ಲಿ.

ಕಮಾಂಡ್ ಬೇಡ ಎನ್ನುವವರು ಮೀಡಿಯಾಇನ್ಫೋದಲ್ಲಿ ಫೈಲ್ ತೆರೆದು `Frame rate mode` ಎಂಬ ಸಾಲು ನೋಡಿ. ಅಲ್ಲಿ `Variable` ಎಂದಿದ್ದರೆ, ಎಡಿಟ್ ಶುರು ಮಾಡುವ ಮೊದಲೇ ಮುಂದಿನ ಹೆಜ್ಜೆ ಮುಗಿಸಿಕೊಳ್ಳುವುದು ಲೇಸು.

ಕೆಲಸ ಕೆಡಿಸುವ ಎರಡು ಉಪಾಯಗಳು

1499ನ್ನು 50ರಿಂದ ಭಾಗಿಸಿದರೆ 29.98. ಇದನ್ನು ನೋಡಿದವರಿಗೆ ಥಟ್ಟನೆ 29.97 ನೆನಪಾಗುತ್ತದೆ. ಶಿಕ್ಷಕಿಯವರಿಗೂ ಹಾಗೇ ಆಗಿತ್ತು. ಮೂರನೇ ಪ್ರಯತ್ನದಲ್ಲಿ ಟೈಮ್‌ಲೈನನ್ನೂ ತುಣುಕನ್ನೂ 29.97ಕ್ಕೆ ಬದಲಿಸಿದ್ದರು. ಆಗ ಪ್ರತಿ ಫ್ರೇಮ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಚಿತ್ರ ನಿಧಾನವಾಗುತ್ತದೆ. ಕೊನೆಯಲ್ಲಿ 1.8 ಸೆಕೆಂಡ್ ಹಿಂದಿದ್ದ ದನಿ ಈಗ 0.9 ಸೆಕೆಂಡ್ ಮುಂದೆ ಬಂತು. ಅರ್ಧ ಗುಣವಾಯಿತು ಎಂದುಕೊಂಡರು. ನಿಜದಲ್ಲಿ ಮೊದಲು ಸರಿಯಿದ್ದ 15ನೇ ನಿಮಿಷವೂ ಈಗ 0.9 ಸೆಕೆಂಡ್ ತಪ್ಪಿತ್ತು. ಮೆಟ್ಟಿಲಿನ ಮೇಲೆ ಏರುಗೆರೆ ಕೂರಿಸಿದರೆ ಅವು ಒಂದನ್ನೊಂದು ಅಳಿಸಿಹಾಕುವುದಿಲ್ಲ.

ಎರಡನೆಯ ಉಪಾಯ ದನಿಯನ್ನು ಕುಗ್ಗಿಸಿ ಚಿತ್ರದ ಉದ್ದಕ್ಕೆ ಹೊಂದಿಸುವುದು. ಗೆರೆಯಂತೆ ಏರುವ ತಪ್ಪಿಗೆ ಅದು ಮದ್ದು, ಬೇರೆ ರೆಕಾರ್ಡರಿನ ದನಿಗೆ ನಾನೂ ಅದನ್ನೇ ಮಾಡುತ್ತೇನೆ. ಮೆಟ್ಟಿಲಿನಂಥ ತಪ್ಪಿಗೆ ಮಾಡಿದರೆ ಮೊದಲ ಮತ್ತು ಕೊನೆಯ ಕ್ಷಣ ಕೂಡಿಕೊಳ್ಳುತ್ತದೆ, ನಡುವಿನ ಇಡೀ ಉಪನ್ಯಾಸ ಅತ್ತ ಇತ್ತ ತೂಗಾಡುತ್ತದೆ. ತುಣುಕು ತುಣುಕಾಗಿ ಕತ್ತರಿಸಿ ಕೈಯಿಂದ ಜರುಗಿಸುತ್ತಾ ಕೂತವರನ್ನೂ ನೋಡಿದ್ದೇನೆ. ಅಷ್ಟು ಶ್ರಮ ಬೇಕಿಲ್ಲ.

ಸಮ ಫ್ರೇಮ್ ರೇಟಿಗೆ ಪರಿವರ್ತನೆ

ಬಿಟ್ಟುಹೋದ ಪ್ರತಿ ಫ್ರೇಮಿನ ಜಾಗಕ್ಕೆ ಅದರ ಹಿಂದಿನ ಫ್ರೇಮಿನ ನಕಲನ್ನು ಇಟ್ಟು, ಎಲ್ಲ ಫ್ರೇಮುಗಳೂ ಸಮ ಅಂತರದಲ್ಲಿರುವ ಹೊಸ ಮೂಲ ಫೈಲ್ ಮಾಡಿಕೊಂಡರೆ ಎಣಿಸುವ ತಂತ್ರಾಂಶಕ್ಕೂ ಲೆಕ್ಕ ಸರಿಹೋಗುತ್ತದೆ.

```
ffmpeg -i upanyasa.mp4 -fps_mode cfr -r 30 \
 -c:v libx264 -crf 16 -preset fast \
 -c:a pcm_s16le -ar 48000 upanyasa_cfr.mov
```

`-fps_mode` ಎಂಬುದು ಎಫ್‌ಎಫ್‌ಎಂಪೆಗ್ 5.1ರಿಂದ ಬಂದದ್ದು, ಹಳೆಯ ಆವೃತ್ತಿಯಿದ್ದರೆ ಅದರ ಜಾಗದಲ್ಲಿ `-vsync cfr` ಎಂದು ಬರೆಯಿರಿ. `-crf` ಗುಣಮಟ್ಟದ ಅಳತೆ, ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು; 16 ಎಂದು ಕೊಟ್ಟದ್ದು ಇದು ನಡುವಣ ಫೈಲ್ ಆದ್ದರಿಂದ. ಮತ್ತೊಮ್ಮೆ ಎನ್‌ಕೋಡ್ ಆಗುವುದಿದೆ, ಈಗಲೇ ಗುಣಮಟ್ಟ ಕಳೆದುಕೊಳ್ಳಬಾರದು. ಹ್ಯಾಂಡ್‌ಬ್ರೇಕ್ ಬಳಸುವವರು ವಿಡಿಯೋ ಟ್ಯಾಬಿನಲ್ಲಿ 30 ಆರಿಸಿ `Constant Framerate` ಗುರುತು ಹಾಕಿದರೂ ಇದೇ ಆಗುತ್ತದೆ.

ಕಮಾಂಡ್ ಓಡುವಾಗ ಕೆಳಗಿನ ಸಾಲಿನ ಮೇಲೆ ಕಣ್ಣಿಡಿ. ಕೊನೆಗೆ ಅಲ್ಲಿ `dup=54 drop=0` ಎಂದು ಬಂತು. 54 ನಕಲು ಸೇರಿಸಿದೆ, ಒಂದನ್ನೂ ಬಿಟ್ಟಿಲ್ಲ. ಹೊಸ ಫೈಲಿನ ಮೇಲೆ ಮೊದಲಿನ ಎಫ್‌ಎಫ್‌ಪ್ರೋಬ್ ಓಡಿಸಿದರೆ 81,000 ಫ್ರೇಮ್. ನಿಮ್ಮಲ್ಲಿ `drop` ಸಾವಿರಗಟ್ಟಲೆ ತೋರಿಸಿದರೆ ನಿಲ್ಲಿಸಿ: ಮೂಲ ಬಹುಶಃ 60 ಫ್ರೇಮಿನದು, ನೀವು 30 ಕೇಳುತ್ತಿದ್ದೀರಿ.

ಈಗಾಗಲೇ ಎಡಿಟ್ ಮುಗಿದಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೇ? ಬೇಡ. ಟೈಮ್‌ಲೈನಿನಲ್ಲಿ ಹಳೆಯ ಫೈಲಿನ ಕೊಂಡಿ ಕಳಚಿ ಹೊಸದಕ್ಕೆ ಜೋಡಿಸಿ. ಚಿತ್ರ, ದನಿ ಒಟ್ಟಿಗೆ ಕತ್ತರಿಸಿದ ಕಡೆಗಳೆಲ್ಲ ತಾವಾಗಿ ಸರಿಹೋಗುತ್ತವೆ, ಯಾಕೆಂದರೆ ಎರಡೂ ಒಂದೇ ಸಮಯದ ಗುರುತಿನಲ್ಲಿ ಕತ್ತರಿಸಿದವು, ಹೊಸ ಫೈಲಿನಲ್ಲಿ ಆ ಗುರುತಿಗೆ ಸರಿಯಾದ ಫ್ರೇಮ್ ಇದೆ. ಆದರೆ ಎಲ್ಲೆಲ್ಲಿ ನೀವು ಕೈಯಿಂದ ದನಿ ಜರುಗಿಸಿ ಹೊಂದಿಸಿದ್ದೀರೋ ಅಲ್ಲೆಲ್ಲ ಈಗ ಅಷ್ಟೇ ತಪ್ಪು ಉಲ್ಟಾ ಕಾಣುತ್ತದೆ. ಜರುಗಿಸಿದ್ದನ್ನು ವಾಪಸ್ ತನ್ನಿ. 29.97ಕ್ಕೆ ಬದಲಿಸಿದ್ದ ಸೆಟ್ಟಿಂಗನ್ನೂ 30ಕ್ಕೆ ತಿರುಗಿಸಿ. ಶಿಕ್ಷಕಿಯವರು ಮೂರು ಕಡೆ ಜರುಗಿಸಿದ್ದರು. ಅವನ್ನು ಸರಿಪಡಿಸಿದ ಮೇಲೆ 44ನೇ ನಿಮಿಷದ "ಪಾಠ" ತುಟಿಯೊಂದಿಗೇ ಕೂಡಿಕೊಂಡಿತು.

ಕಪ್ಪು ಫ್ರೇಮ್

ಒಂದೇ ಫ್ರೇಮ್ ಕಪ್ಪಾದರೆ ಕಣ್ಣು ಮಿಟುಕಿಸಿದಷ್ಟರಲ್ಲಿ ಹೋಗುತ್ತದೆ. 45 ನಿಮಿಷದಲ್ಲಿ ಅದನ್ನು ಕಣ್ಣಿನಿಂದ ಹುಡುಕಬೇಡಿ, ಫೈಲನ್ನೇ ಕೇಳಿ.

```
ffmpeg -i export.mp4 -vf blackdetect=d=0.02:pix_th=0.10 -an -f null -
```

`d` ಎಂಬುದು ಕನಿಷ್ಠ ಎಷ್ಟು ಸೆಕೆಂಡ್ ಕಪ್ಪಾಗಿದ್ದರೆ ಹೇಳಬೇಕು ಎಂಬ ಮಿತಿ. ಏನೂ ಕೊಡದಿದ್ದರೆ ಅದು 2 ಸೆಕೆಂಡ್, ಆಗ ಒಂಟಿ ಫ್ರೇಮುಗಳು ತಪ್ಪಿಸಿಕೊಳ್ಳುತ್ತವೆ. ಶಿಕ್ಷಕಿಯವರ ಇತ್ತೀಚಿನ ಎಕ್ಸ್‌ಪೋರ್ಟಿನಲ್ಲಿ ಎರಡು ಸಾಲು ಬಂದವು. ಒಂದು ಇದು:

```
black_start:1204.47 black_end:1204.5 black_duration:0.0333333
```

1204 ಸೆಕೆಂಡ್ ಅಂದರೆ 20 ನಿಮಿಷ 4 ಸೆಕೆಂಡ್. ಉಳಿದ 0.47ನ್ನು 30ರಿಂದ ಗುಣಿಸಿದರೆ 14. ಟೈಮ್‌ಲೈನಿನಲ್ಲಿ 00:20:04:14ಕ್ಕೆ ಹೋಗಿ, ಎಷ್ಟು ಹಿಗ್ಗಿಸಲು ಸಾಧ್ಯವೋ ಅಷ್ಟು ಹಿಗ್ಗಿಸಿ ನೋಡಿದರೆ, ಎರಡು ತುಣುಕುಗಳ ನಡುವೆ ಸರಿಯಾಗಿ ಒಂದು ಫ್ರೇಮಿನ ಬಿರುಕು. 29.97 ಮತ್ತು 30ರ ನಡುವೆ ಟೈಮ್‌ಲೈನನ್ನು ಅತ್ತ ಇತ್ತ ಬದಲಿಸಿದಾಗ ಕತ್ತರಿಸಿದ ಅಂಚುಗಳು ಹತ್ತಿರದ ಫ್ರೇಮಿಗೆ ದುಂಡಾಗುತ್ತವೆ. ಒಂದು ತುಣುಕಿನ ಕೊನೆ ಹಿಂದಕ್ಕೆ, ಮುಂದಿನದರ ಮೊದಲು ಮುಂದಕ್ಕೆ ದುಂಡಾದರೆ ನಡುವೆ ಏನೂ ಇರುವುದಿಲ್ಲ. ಏನೂ ಇಲ್ಲದ ಜಾಗ ಎಕ್ಸ್‌ಪೋರ್ಟಿನಲ್ಲಿ ಕಪ್ಪು.

ಇದನ್ನು ಮುಚ್ಚುವಾಗ ಒಂದು ಎಚ್ಚರಿಕೆ. ಬಿರುಕನ್ನು ಆರಿಸಿ ರಿಪಲ್ ಡಿಲೀಟ್ ಮಾಡಿದರೆ, ದನಿಯ ಪಟ್ಟಿ ಬೀಗ ಹಾಕಿಕೊಂಡಿರುವ ಪ್ರಾಜೆಕ್ಟಿನಲ್ಲಿ ಚಿತ್ರ ಮಾತ್ರ ಒಂದು ಫ್ರೇಮ್ ಹಿಂದೆ ಸರಿಯುತ್ತದೆ. ಹತ್ತು ಬಿರುಕು ಹೀಗೆ ಮುಚ್ಚಿದರೆ ಈಗಷ್ಟೇ ಸರಿಮಾಡಿದ ಸಿಂಕನ್ನು ಹತ್ತು ಫ್ರೇಮ್ ಕೆಡಿಸಿಕೊಂಡಿರಿ. ಅದರ ಬದಲು ಹಿಂದಿನ ತುಣುಕಿನ ಅಂಚನ್ನು ಹಿಡಿದು ಒಂದು ಫ್ರೇಮ್ ಮುಂದಕ್ಕೆ ಎಳೆಯಿರಿ.

ಅವರ ಮೊದಲ ಎಕ್ಸ್‌ಪೋರ್ಟಿನ ಕೊನೆಯಲ್ಲಿ 1.8 ಸೆಕೆಂಡಿನ ಕಪ್ಪೂ ಇತ್ತು. ಅದು ಏನೆಂದು ನಿಮಗೆ ಈಗ ಹೊಳೆದಿರಬೇಕು: ಚಿತ್ರ ಮುಗಿದ ಮೇಲೂ ಉಳಿದಿದ್ದ ದನಿಯ ಆ 54 ಫ್ರೇಮ್. ಮೂಲ ಸರಿಯಾದ ಮೇಲೆ ಅದೂ ಹೋಯಿತು.

ಬಿರುಕೇ ಇಲ್ಲದ ಕಡೆ ಕಪ್ಪು ಬಂದರೆ ಒಂದು ಪರೀಕ್ಷೆ ಮಾಡಿ. ರೆಂಡರ್ ಕ್ಯಾಶೆ ಅಳಿಸಿ, ಆ ಜಾಗದ ಸುತ್ತ ಹತ್ತು ಸೆಕೆಂಡನ್ನು ಮಾತ್ರ ಎರಡು ಸಲ ಎಕ್ಸ್‌ಪೋರ್ಟ್ ಮಾಡಿ, ಎರಡರ ಮೇಲೂ ಮೇಲಿನ ಕಮಾಂಡ್ ಓಡಿಸಿ. ಎರಡರಲ್ಲೂ ಅದೇ ಫ್ರೇಮ್ ಕಪ್ಪಾಗಿದ್ದರೆ ದೋಷ ಪ್ರಾಜೆಕ್ಟಿನೊಳಗಿದೆ: ಅಪಾರದರ್ಶಕತೆಯ ಕೀಫ್ರೇಮ್ ಸೊನ್ನೆಗೆ ಇಳಿದಿರಬಹುದು, ಒಂದು ಎಫೆಕ್ಟ್ ಅಲ್ಲಿ ಮುರಿದಿರಬಹುದು, ಅಥವಾ ಮೂಲ ಫೈಲಿನ ಆ ಫ್ರೇಮೇ ಹಾಳಾಗಿರಬಹುದು. ಎಫೆಕ್ಟುಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಕಪ್ಪು ಒಂದೊಂದು ಸಲ ಒಂದೊಂದು ಕಡೆ ಬಂದರೆ, ಅಥವಾ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ, ಪ್ರಾಜೆಕ್ಟನ್ನು ಬಿಟ್ಟು ಯಂತ್ರವನ್ನು ಅನುಮಾನಿಸಿ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿದಾಗ ಹೀಗಾಗುತ್ತದೆ. ಎಕ್ಸ್‌ಪೋರ್ಟಿನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ತೆಗೆದು ಸಾಫ್ಟ್‌ವೇರಿಗೆ ಹಾಕಿ, ಬೇರೆ ತಂತ್ರಾಂಶಗಳನ್ನು ಮುಚ್ಚಿ ಮತ್ತೆ ಮಾಡಿ. ನಿಧಾನವಾಗುತ್ತದೆ, ಆದರೆ ಕಪ್ಪು ನಿಂತರೆ ಕಾರಣ ಸಿಕ್ಕಿತು.

ಎಡಿಟ್ ಮಾಡದೆ, ಮರು ಎನ್‌ಕೋಡ್ ಕೂಡ ಮಾಡದೆ ವಿಡಿಯೋ ಕತ್ತರಿಸಿದಾಗ ಮೊದಲ ಒಂದೆರಡು ಸೆಕೆಂಡ್ ಕಪ್ಪು ಅಥವಾ ಹೆಪ್ಪುಗಟ್ಟಿದ ಚಿತ್ರ ಬರುವುದು ಬೇರೆ ವಿಷಯ. ಇಲ್ಲಿ ಕೀಫ್ರೇಮ್ ಅಂದರೆ ಬೇರೆ ಫ್ರೇಮಿನ ನೆರವಿಲ್ಲದೆ ಪೂರ್ತಿ ಚಿತ್ರ ಇಟ್ಟುಕೊಂಡ ಫ್ರೇಮ್, ಅಲ್ಲಿ ಕತ್ತರಿ ಬಿದ್ದದ್ದು ಅಂಥ ಎರಡು ಕೀಫ್ರೇಮುಗಳ ನಡುವೆ. ಕೀಫ್ರೇಮಿನ ಮೇಲೆ ಕತ್ತರಿಸಿ, ಅಥವಾ ಮರು ಎನ್‌ಕೋಡ್ ಮಾಡಿ.

ಹದಿನೇಳು ಜಿಬಿ

ಫೈಲಿನ ಗಾತ್ರದಲ್ಲಿ ರಹಸ್ಯವೇನೂ ಇಲ್ಲ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಗಾತ್ರ. ಇದೇ ಲೆಕ್ಕವನ್ನು ತಿರುಗಿಸಿ ಹಾಕಿ: 16.9 ಜಿಬಿ, 2700 ಸೆಕೆಂಡ್.

```
16.9 × 8 × 1000 ÷ 2700 ≈ 50 Mbps
```

ಫೋನಿನ ಮೂಲ ಫೈಲ್ 5.7 ಜಿಬಿ ಇತ್ತು, ಅಂದರೆ ಸುಮಾರು 17 ಎಂಬಿಪಿಎಸ್. 17ರಿಂದ ಬಂದದ್ದನ್ನು 50ಕ್ಕೆ ತುಂಬಿದ್ದರು. ಮೂಲದಲ್ಲಿ ಇಲ್ಲದ ವಿವರ ಹೆಚ್ಚು ಬಿಟ್ ಕೊಟ್ಟರೆ ಹುಟ್ಟುವುದಿಲ್ಲ. ಆ ಹೆಚ್ಚುವರಿ ಹನ್ನೊಂದು ಜಿಬಿಯ ಬಹುಪಾಲು ಫೋನಿನ ಸಂಕೋಚನ ಬಿಟ್ಟ ಕಲೆಗಳನ್ನೂ ಮಂದ ಬೆಳಕಿನ ಕಾಳುಕಾಳನ್ನೂ ನಿಷ್ಠೆಯಿಂದ ಕಾಪಾಡಲು ಖರ್ಚಾಗಿತ್ತು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಅವರು ಆರಿಸಿದ್ದ ಪ್ರೀಸೆಟ್ 4ಕೆ ವಿಡಿಯೋಗೆ ಮಾಡಿದ್ದು. ರೆಸಲ್ಯೂಶನನ್ನು 1080ಕ್ಕೆ ಇಳಿಸಿದ್ದರು, ಬಿಟ್‌ರೇಟ್ ಮಾತ್ರ ಹಾಗೇ ಉಳಿದಿತ್ತು.

ಲೆಕ್ಕದಿಂದ ಬಂದ ಬಿಟ್‌ರೇಟ್ ನೀವು ಕೊಟ್ಟದ್ದಕ್ಕೆ ಸರಿಹೊಂದದಿದ್ದರೆ, ಭಾಗಿಸಿದ ಸೆಕೆಂಡುಗಳನ್ನೇ ಮರುಪರಿಶೀಲಿಸಿ. ಟೈಮ್‌ಲೈನಿನ ದೂರದ ಮೂಲೆಯಲ್ಲಿ ಮರೆತುಹೋದ ಒಂದು ಚೂರು ಬಿದ್ದಿದ್ದರೆ, ಎಕ್ಸ್‌ಪೋರ್ಟ್ ಅಲ್ಲಿಯವರೆಗೂ ಹೋಗುತ್ತದೆ. ಫೈಲಿನ ಅವಧಿ ನಿಮ್ಮ ವಿಡಿಯೋಗಿಂತ ಉದ್ದವಾಗಿ, ಕೊನೆಗೆ ನಿಮಿಷಗಟ್ಟಲೆ ಕಪ್ಪು ಇದ್ದರೆ ಇದೇ. ಇನ್ನು 50 ಜಿಬಿಯಂಥ ಗಾತ್ರ ಬಂದರೆ ಕೋಡೆಕ್ ನೋಡಿ. 1080ರಲ್ಲಿ ಪ್ರೋರೆಸ್ 422 ಸೆಕೆಂಡಿಗೆ 147 ಮೆಗಾಬಿಟ್‌ನಷ್ಟು ಓಡುತ್ತದೆ, 45 ನಿಮಿಷಕ್ಕೆ ಅದು ಹತ್ತಿರ ಹತ್ತಿರ 50 ಜಿಬಿ. ಅದು ದೋಷವಲ್ಲ, ಎಡಿಟಿಂಗ್ ನಡುವೆ ಬಳಸಲು ಮಾಡಿದ ಕೋಡೆಕ್. ಕಳಿಸಲು ಎಚ್.264 ಆರಿಸಿ.

ಬಿಟ್‌ರೇಟ್ ಬದಲು ಸಿಆರ್‌ಎಫ್ ಬಳಸುವವರಿಗೆ ಒಂದು ಮಾತು. ಸಿಆರ್‌ಎಫ್ ಗುಣಮಟ್ಟಕ್ಕೆ ಮಾತು ಕೊಡುತ್ತದೆ, ಗಾತ್ರಕ್ಕಲ್ಲ. ಒಂದೇ ಸಿಆರ್‌ಎಫ್‌ನಲ್ಲಿ ಹಗಲು ಬೆಳಕಿನ ವಿಡಿಯೋ ಚಿಕ್ಕದಾಗಿ, ಮಂದ ಬೆಳಕಿನ ಕಾಳುಕಾಳು ವಿಡಿಯೋ ಎರಡು ಮೂರು ಪಟ್ಟಾಗಿ ಬರಬಹುದು. ಅಲುಗುವ ಪ್ರತಿ ಕಾಳೂ ಎನ್‌ಕೋಡರಿಗೆ ಹೊಸ ಸುದ್ದಿಯೇ. ಎಕ್ಸ್264ರಲ್ಲಿ ಸಿಆರ್‌ಎಫ್ ಆರು ಹೆಚ್ಚಿಸಿದರೆ ಗಾತ್ರ ಸುಮಾರು ಅರ್ಧವಾಗುತ್ತದೆ. ಅದಕ್ಕಿಂತ ಮೊದಲು ಮಂದ ಬೆಳಕಿನ ಭಾಗಗಳಿಗೆ ಮಾತ್ರ ಹದವಾಗಿ ನಾಯ್ಸ್ ರಿಡಕ್ಷನ್ ಕೊಟ್ಟು ನೋಡುವುದು ನನ್ನ ಅಭ್ಯಾಸ. ಚಿತ್ರವೂ ಚೆನ್ನಾಗುತ್ತದೆ, ಗಾತ್ರವೂ ಇಳಿಯುತ್ತದೆ.

ಉಪನ್ಯಾಸದಲ್ಲಿ ಒಬ್ಬರು ನಿಂತು ಮಾತಾಡುತ್ತಾರೆ, ಹಿಂದೆ ಸ್ಲೈಡ್ ಇದೆ, ಓಡಾಟ ಕಡಿಮೆ. 1080ಕ್ಕೆ 10 ಎಂಬಿಪಿಎಸ್ ಧಾರಾಳವಾಯಿತು. ವೇರಿಯಬಲ್ ಬಿಟ್‌ರೇಟ್, ಎರಡು ಸುತ್ತು, ದನಿಗೆ ಎಎಸಿ 192 ಕೆಬಿಪಿಎಸ್ ಹಾಕಿದೆವು. ಒತ್ತುವ ಮೊದಲೇ ಲೆಕ್ಕ ಹಾಕಿಟ್ಟಿದ್ದೆ: ಚಿತ್ರಕ್ಕೆ 3.375 ಜಿಬಿ, ದನಿಗೆ 65 ಎಂಬಿ, ಒಟ್ಟು 3.44 ಜಿಬಿ.

ಇಡೀ 45 ನಿಮಿಷವನ್ನು ಎಕ್ಸ್‌ಪೋರ್ಟ್ ಮಾಡುವ ಮೊದಲು ಮೂರು ಚೂರು ಮಾತ್ರ ಮಾಡಿಸಿದೆ: ಮೊದಲ ಮೆಟ್ಟಿಲು ಇದ್ದ ಜಾಗದ ನಂತರದ ಅರ್ಧ ನಿಮಿಷ, 20 ನಿಮಿಷ 4 ಸೆಕೆಂಡಿನ ಸುತ್ತಮುತ್ತ, ಮತ್ತು ಕೊನೆಯ ಅರ್ಧ ನಿಮಿಷ. ಮೂರೂ ಚೂರುಗಳಿಗೆ ಹಿಡಿದದ್ದು ಎರಡು ನಿಮಿಷ. ಪವರ್ಗದ ತುಟಿ ಕೂಡಿತ್ತು, `blackdetect` ಏನೂ ಹೇಳಲಿಲ್ಲ, ಪ್ರತಿ ಚೂರಿನ ಬಿಟ್‌ರೇಟೂ 10ರ ಆಸುಪಾಸಿನಲ್ಲಿತ್ತು. ಆಮೇಲೆ ಪೂರ್ತಿ ಎಕ್ಸ್‌ಪೋರ್ಟ್ ಹಾಕಿದರು. ಸಂಜೆ ಅವರಿಂದ ಸಂದೇಶ ಬಂತು: 3.4 ಜಿಬಿ, 45 ನಿಮಿಷ, ಕೊನೆಯ ಮಾತು ಮುಗಿದ ಫ್ರೇಮಿನಲ್ಲೇ ಚಿತ್ರವೂ ಮುಗಿದಿದೆ.